ಪಿಎಫ್ ಪಾಸ್‌ಬುಕ್‌ನಲ್ಲಿ 23,177 ಇದೆ, ನನ್ನ ಲೆಕ್ಕಕ್ಕೆ 37,440 ಬರಬೇಕು. ಉಳಿದದ್ದು ಎಲ್ಲಿ ಹೋಯಿತು?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಐಟಿಐ ಮುಗಿಸಿ 2024ರ ಏಪ್ರಿಲ್ 1ಕ್ಕೆ ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ಗೆ ಸೇರಿದೆ. ಇದೇ ಮೊದಲ ಕೆಲಸ. ಬೇಸಿಕ್ ಮತ್ತು ಡಿಎ ಸೇರಿ 13,000, ಮೇಲೆ ಮನೆ ಬಾಡಿಗೆ ಭತ್ಯೆ 2,500. ಪಿಎಫ್ 1,560, ಇಎಸ್‌ಐ 117 ಹಿಡಿದುಕೊಂಡು ಕೈಗೆ 13,823 ಬರುತ್ತದೆ. ರಜೆ ಜಾಸ್ತಿ ಹಾಕಿಲ್ಲ, ಹಾಗಾಗಿ ಎಲ್ಲಾ ತಿಂಗಳೂ ಅಷ್ಟೇ.

ಮೊನ್ನೆ ರೂಮಿನಲ್ಲಿ ಕೂತು ಮೊದಲ ಸಲ ಪಾಸ್‌ಬುಕ್ ತೆಗೆದು ನೋಡಿದೆ. ನನ್ನ ಕಡೆಯಿಂದ 1,560, ಕಂಪನಿ ಕಡೆಯಿಂದ 1,560, ಅಂದರೆ ತಿಂಗಳಿಗೆ 3,120, ಹನ್ನೆರಡು ತಿಂಗಳಿಗೆ 37,440, ಅದರ ಮೇಲೆ ಬಡ್ಡಿ ಬೇರೆ ಅಂದುಕೊಂಡಿದ್ದೆ. ಆದರೆ 2024-25ರ ಕೊನೆಗೆ ನನ್ನ ಕಾಲಂನಲ್ಲಿ 17,750, ಕಂಪನಿ ಕಾಲಂನಲ್ಲಿ 5,427 ಇದೆ. ಎರಡೂ ಸೇರಿ 23,177. ಮೂರನೇ ಕಾಲಂನಲ್ಲಿ ಪೆನ್ಷನ್ ಅಂತ 11,913 ಇದೆ, ಅದು ನನ್ನದೋ ಅಲ್ಲವೋ ಗೊತ್ತಿಲ್ಲ. ಅದನ್ನು ಕೂಡಿಸಿದರೂ 37 ಸಾವಿರ ಆಗುವುದಿಲ್ಲ. ಆಫೀಸಿನಲ್ಲಿ ಕೇಳಿದರೆ "ಎಲ್ಲಾ ಸರಿ ಇದೆ ಹೋಗಪ್ಪಾ" ಅನ್ನುತ್ತಾರೆ. ಸರಿ ಇದ್ದರೆ ಹೇಗೆ ಸರಿ ಅಂತ ಯಾರಾದರೂ ಬಿಡಿಸಿ ಹೇಳಿ.

ಬಯಲುಸೀಮೆ

ತಮ್ಮಾ, ಬಡ್ಡಿ ಎಷ್ಟು ಬಿದ್ದಿದೆ ನೋಡು ಮೊದಲು. ಆ ವರ್ಷ ಬಡ್ಡಿ 8.25 ಪರ್ಸೆಂಟ್. ನಿನ್ನ ಸಾಲುಗಳನ್ನೆಲ್ಲ ಕೂಡಿಸಿ 8.25ರಿಂದ ಲೆಕ್ಕ ಹಾಕಿ ನೋಡು, ಬಡ್ಡಿ ಅಷ್ಟು ಬಂದಿರದಿದ್ದರೆ ಅಲ್ಲೇ ಏನೋ ತಪ್ಪಾಗಿದೆ. ಇನ್ನೊಂದು, ಕಂಪನಿಯ 12 ಪರ್ಸೆಂಟ್ ಪೂರ್ತಿ ನಿನ್ನ ಖಾತೆಗೆ ಬರಬೇಕು, ಅದು ಕಾನೂನು. ಕಡಿಮೆ ಹಾಕಿದ್ದರೆ ಉಳಿದದ್ದನ್ನು ಅವರೇ ಇಟ್ಟುಕೊಂಡಿದ್ದಾರೆ ಅಂತಲೇ ಅರ್ಥ. ಬಿಡಬೇಡ, ಕೇಳು.

ಹಾಸನದ ಹುಡುಗ

ಹೌದು ಅಣ್ಣಾ, ಪ್ರತಿ ತಿಂಗಳೂ ಕಂಪನಿ ಕಾಲಂನಲ್ಲಿ 477 ಮಾತ್ರ ಇದೆ. ಸಾಲುಗಳನ್ನು ಕೂಡಿಸಿದರೆ ನನ್ನದು 17,160, ಕಂಪನಿಯದು 5,247, ಎರಡೂ ಸೇರಿ 22,407. ಅದಕ್ಕೆ 8.25 ಪರ್ಸೆಂಟ್ ಅಂದರೆ 1,849 ಆಗುತ್ತದೆ. ಬಂದಿರುವುದು ನನ್ನ ಕಡೆ 590, ಕಂಪನಿ ಕಡೆ 180, ಒಟ್ಟು 770. ಸಾವಿರಕ್ಕಿಂತ ಜಾಸ್ತಿ ಕಡಿಮೆ ಬಿದ್ದಿದೆಯಲ್ಲಾ!

ಲೆಕ್ಕದ ಶಾಂತಕ್ಕ

ಸ್ವಲ್ಪ ತಾಳಪ್ಪಾ, ಯಾರ ಮೇಲೂ ಈಗಲೇ ಹೋಗಬೇಡ. ನಾನು ಇಪ್ಪತ್ತು ವರ್ಷ ಬೇರೆ ಬೇರೆ ಫ್ಯಾಕ್ಟರಿಗಳಿಗೆ ಪಿಎಫ್ ಚಲನ್ ಕಟ್ಟುವ ಕೆಲಸ ಮಾಡಿದವಳು. ನೀನು ಕೊಟ್ಟಿರುವ ಅಂಕಿಗಳು ಪೈಸೆಗೆ ಪೈಸೆ ಸರಿಯಾಗಿವೆ. ನಿನ್ನ 37,440 ತಪ್ಪು ಅಷ್ಟೇ, ಆದರೆ ಆ ತಪ್ಪು ಎಲ್ಲರೂ ಮಾಡುವಂಥದ್ದೇ. ಒಂದೊಂದಾಗಿ ನೋಡೋಣ.

ಮೊದಲು ಸಾಲುಗಳನ್ನು ಎಣಿಸು. 2024-25ರ ಪುಟದಲ್ಲಿ ಹನ್ನೆರಡು ಇಲ್ಲ, ಹನ್ನೊಂದೇ ಇರಬೇಕು. ಮೊದಲ ಸಾಲಿನಲ್ಲಿ `Cont. For Due-Month 052024` ಅಂತ ಇರುತ್ತದೆ. ನೀನು ದುಡಿದದ್ದು ಏಪ್ರಿಲ್‌ನಲ್ಲಿ, ಆದರೆ ಆ ತಿಂಗಳ ಪಿಎಫ್ ಕಟ್ಟಲು ಕಂಪನಿಗೆ ಮೇ 15ರವರೆಗೆ ಸಮಯ ಇದೆ. ಹಾಗಾಗಿ ಏಪ್ರಿಲ್ ಸಂಬಳದ ದುಡ್ಡು ಮೇ ತಿಂಗಳ ಲೆಕ್ಕಕ್ಕೆ ಬರುತ್ತದೆ. ಹೀಗೇ ಒಂದು ತಿಂಗಳು ಹಿಂದೆ ಹಿಂದೆ ನಡೆಯುತ್ತಾ 2025ರ ಮಾರ್ಚ್ ಸಂಬಳದ ದುಡ್ಡು ಏಪ್ರಿಲ್‌ಗೆ ಹೋಗಿ ಮುಂದಿನ ವರ್ಷದ ಪುಟದಲ್ಲಿ ಮೊದಲ ಸಾಲಾಗಿ ಕೂತಿರುತ್ತದೆ. ಒಂದು ತಿಂಗಳ 3,120 ಅಲ್ಲಿ ಹೋಯಿತು. ಉಳಿಯಿತು 34,320.

ಎರಡನೆಯದು ಕಂಪನಿಯ 12 ಪರ್ಸೆಂಟ್. ಬಯಲುಸೀಮೆಯವರು ಹೇಳಿದ ಹಾಗೆ ಕಂಪನಿ 12 ಪರ್ಸೆಂಟ್ ಕಟ್ಟಲೇಬೇಕು, ಅದು ನಿಜ. ಆದರೆ ಅದು ಪೂರ್ತಿ ಪಿಎಫ್‌ಗೆ ಹೋಗುವುದಿಲ್ಲ. ಅದರಲ್ಲಿ 8.33 ಪರ್ಸೆಂಟ್ ಪೆನ್ಷನ್ ನಿಧಿಗೆ ಹೋಗುತ್ತದೆ. 13,000ಕ್ಕೆ 8.33 ಅಂದರೆ 1,083. ಕಂಪನಿ ಕಟ್ಟಿದ 1,560ರಲ್ಲಿ 1,083 ಕಳೆದರೆ ಉಳಿಯುವುದು 477. ನಿನ್ನ ಮಾಲೀಕರು ಒಂದು ರೂಪಾಯಿಯೂ ಇಟ್ಟುಕೊಂಡಿಲ್ಲ, ನಿನ್ನ ಪರವಾಗಿ ಎರಡು ಡಬ್ಬಿಗೆ ಹಾಕಿದ್ದಾರೆ. ಹನ್ನೊಂದು ತಿಂಗಳ 1,083 ಅಂದರೆ ನೀನು ಹೇಳಿದ ಅದೇ 11,913. 34,320ರಲ್ಲಿ ಅದನ್ನು ಕಳೆ. 22,407. ಬಂತಲ್ಲ ನಿನ್ನ ಅಂಕಿ?

ಬಡ್ಡಿ ವಿಷಯ ಸಂಜೆ ಬರೆಯುತ್ತೇನೆ, ಕುಕ್ಕರ್ ಕೂಗುತ್ತಾ ಇದೆ.

ನಿವೃತ್ತ ಮೇಷ್ಟ್ರು

ಪಿಎಫ್ ಬಡ್ಡಿ 7.1 ಪರ್ಸೆಂಟ್ ಅಲ್ಲವೇ? ಮತ್ತು ಅದರಲ್ಲಿ ಸರ್ಕಾರ ಏನೂ ಹಾಕುವುದಿಲ್ಲ, ಪೂರ್ತಿ ನಮ್ಮ ಸಂಬಳದ್ದೇ. ನನಗೆ ವರ್ಷಕ್ಕೊಮ್ಮೆ ಚೀಟಿ ಬರುತ್ತಿತ್ತು, ಜೊತೆಗೆ ಕೆಜಿಐಡಿಯೂ ಹಿಡಿಯುತ್ತಿದ್ದರು. ಈ ಹುಡುಗ ಅದನ್ನೂ ಕೇಳಬೇಕು.

ಲೆಕ್ಕದ ಶಾಂತಕ್ಕ

ಮೇಷ್ಟ್ರೇ, ನೀವು ಹೇಳುತ್ತಿರುವುದು ಜಿಪಿಎಫ್, ಸರ್ಕಾರಿ ನೌಕರರದ್ದು. ಕೆಜಿಐಡಿಯೂ ರಾಜ್ಯ ಸರ್ಕಾರಿ ನೌಕರರ ವಿಮೆಯೇ. ಈ ಹುಡುಗನದ್ದು ಖಾಸಗಿ ಕಾರ್ಖಾನೆಯ ಇಪಿಎಫ್, ಅದರ ನಿಯಮವೇ ಬೇರೆ.

ನಿವೃತ್ತ ಮೇಷ್ಟ್ರು

ಓ ಹಾಗೋ. ಸರಿಯಮ್ಮಾ, ನೀವು ಮುಂದುವರಿಸಿ, ನಾನೂ ಓದುತ್ತೇನೆ. ನನ್ನ ಮೊಮ್ಮಗಳೂ ಈಗ ಖಾಸಗಿ ಕೆಲಸಕ್ಕೇ ಸೇರಿದ್ದಾಳೆ.

ಲೆಕ್ಕದ ಶಾಂತಕ್ಕ

ಈಗ ಬಡ್ಡಿ. ಹುಡುಗಾ, ನೀನೂ ಬಯಲುಸೀಮೆಯವರೂ ವರ್ಷದ ಕೊನೆಗೆ ಇದ್ದ ದುಡ್ಡಿಗೆ ಇಡೀ ವರ್ಷದ ಬಡ್ಡಿ ಹಾಕಿದಿರಿ. ಆದರೆ ಆ 22,407 ವರ್ಷದ ಮೊದಲ ದಿನವೇ ಖಾತೆಯಲ್ಲಿ ಇತ್ತಾ? ಇರಲಿಲ್ಲ, ಅಲ್ವಾ? ತಿಂಗಳು ತಿಂಗಳು ಬಂದು ಸೇರಿತು. ಯಾವ ದುಡ್ಡು ಎಷ್ಟು ತಿಂಗಳು ಇತ್ತೋ ಅದಕ್ಕೆ ಅಷ್ಟೇ ತಿಂಗಳ ಬಡ್ಡಿ. ದುಡ್ಡು ಬಿದ್ದ ತಿಂಗಳಿಗೂ ಬಡ್ಡಿ ಇಲ್ಲ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶುರು.

8.25ನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 0.6875 ಪರ್ಸೆಂಟ್. ನಿನ್ನ 1,560 ರೂಪಾಯಿ ಒಂದು ತಿಂಗಳು ಕೂತಿದ್ದರೆ 10 ರೂಪಾಯಿ 72 ಪೈಸೆ ದುಡಿಯುತ್ತದೆ. ಮೇ ತಿಂಗಳಲ್ಲಿ ಬಿದ್ದ ಮೊದಲ ಕಂತು ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು ದುಡಿಯಿತು, ಜೂನ್‌ನಲ್ಲಿ ಬಿದ್ದದ್ದು ಒಂಬತ್ತು ತಿಂಗಳು, ಹೀಗೇ ಇಳಿಯುತ್ತಾ ಫೆಬ್ರವರಿಯಲ್ಲಿ ಬಿದ್ದದ್ದು ಒಂದೇ ತಿಂಗಳು. ಮಾರ್ಚ್‌ನಲ್ಲಿ ಬಿದ್ದ ಕಂತಿಗೆ ಆ ವರ್ಷ ಏನೂ ಇಲ್ಲ. ಹತ್ತು, ಒಂಬತ್ತು, ಎಂಟು ಅಂತ ಕೂಡಿಸುತ್ತಾ ಹೋಗು, 55 ಬರುತ್ತದೆ. ಅಂದರೆ ಎಲ್ಲಾ ಕಂತೂ ಸೇರಿ 55 ತಿಂಗಳು ದುಡಿದ ಹಾಗೆ.

```
ನಿನ್ನ ಪಾಲು:    1560 × 55 × 0.0825 / 12 = 589.88
ಕಂಪನಿ ಪಾಲು:   477 × 55 × 0.0825 / 12 = 180.37
```

590 ಮತ್ತು 180. ಪಾಸ್‌ಬುಕ್‌ನಲ್ಲಿ `Int. Updated upto 31/03/2025` ಅನ್ನುವ ಸಾಲಿನಲ್ಲಿ ಇರುವುದು ಇದೇ. 22,407ಕ್ಕೆ 770 ಕೂಡಿಸಿದರೆ 23,177.

ಮೊದಲ ವರ್ಷ ಬಡ್ಡಿ ಸಣ್ಣದಾಗಿ ಕಾಣುವುದು ಇದಕ್ಕೇ. ಎರಡನೇ ವರ್ಷ ಈ 23,177ಕ್ಕೆ ಪೂರ್ತಿ ಹನ್ನೆರಡು ತಿಂಗಳ ಬಡ್ಡಿ ಸಿಗುತ್ತದೆ, ಅದೇ ದರ ಇದ್ದರೆ ಅದೊಂದೇ 1,912 ಆಗುತ್ತದೆ. ಹೊಸ ಕಂತುಗಳದ್ದು ಅದರ ಮೇಲೆ.

ಬಯಲುಸೀಮೆ

ಶಾಂತಕ್ಕಾ, ಒಪ್ಪಿದೆ. ನಾನು ನನ್ನ ಪಾಸ್‌ಬುಕ್ ನೋಡಿ ಹೇಳಿದ್ದು, ಅದು ಹದಿನಾಲ್ಕು ವರ್ಷದ ಹಳೇ ಖಾತೆ. ಅದರಲ್ಲಿ ಹಳೇ ದುಡ್ಡೇ ಜಾಸ್ತಿ, ಹಾಗಾಗಿ ಪೂರ್ತಿ 8.25ರ ಹತ್ತಿರ ಬರುತ್ತದೆ. ಹೊಸ ಖಾತೆಗೆ ಹಾಗೆ ಹಾಕಬಾರದು ಅನ್ನುವುದು ತಲೆಗೆ ಹೋಗಿರಲಿಲ್ಲ. ಆದರೆ ಒಂದು ಮಾತು, ಬಡ್ಡಿ ಮಾರ್ಚ್ 31ಕ್ಕೆ ಅಂತ ಬರೆದಿರುತ್ತಾರೆ, ಹಾಕುವುದು ಮಾತ್ರ ಜುಲೈ ಆಗಸ್ಟ್‌ಗೆ. ಒಂದು ವರ್ಷವಂತೂ ಅದಕ್ಕೂ ಎಷ್ಟೋ ತಿಂಗಳು ತಡವಾಗಿ ಬಂತು. ಆ ನಡುವಿನ ತಿಂಗಳುಗಳ ಬಡ್ಡಿ ನಮಗೆ ಹೋದ ಹಾಗೇ ಅಲ್ವಾ?

ಲೆಕ್ಕದ ಶಾಂತಕ್ಕ

ಇಲ್ಲ, ಹೋಗುವುದಿಲ್ಲ. ದರವನ್ನು ಪಿಎಫ್ ಮಂಡಳಿ ಶಿಫಾರಸು ಮಾಡಿ, ಕೇಂದ್ರ ಸರ್ಕಾರ ಒಪ್ಪಿದ ಮೇಲೆ ಹಾಕುತ್ತಾರೆ, ಅದಕ್ಕೇ ತಡ. ಆದರೆ ಲೆಕ್ಕದಲ್ಲಿ ಅದು ಮಾರ್ಚ್ 31ರಂದೇ ಸೇರಿದ ಹಾಗೆ. ಏಪ್ರಿಲ್‌ನಿಂದ ಆ ಬಡ್ಡಿಗೂ ಬಡ್ಡಿ ಓಡುತ್ತದೆ. ಪುಟದಲ್ಲಿ ಕಾಣುವುದು ತಡ, ಅಷ್ಟೇ.

ಹಾಸನದ ಹುಡುಗ

ಅಕ್ಕಾ, ಪೇಪರ್ ಮೇಲೆ ನಾನೇ ಹಾಕಿ ನೋಡಿದೆ, 589.875 ಬಂತು! ತುಂಬಾ ಥ್ಯಾಂಕ್ಸ್. ರೂಮಿನಲ್ಲಿ ಇನ್ನಿಬ್ಬರಿಗೂ ತೋರಿಸಿದೆ. ಇನ್ನು ಆ ಪೆನ್ಷನ್ ಕಾಲಂ. ಅದಕ್ಕೆ ಬಡ್ಡಿ ಸೊನ್ನೆ ಅಂತ ಇದೆ. ಅದು ಯಾಕೆ ಹಾಗೆ? 11,913 ಸುಮ್ನೆ ಕೂತಿರುತ್ತದಾ?

ಲೆಕ್ಕದ ಶಾಂತಕ್ಕ

ಅದು ನಿನ್ನ ಹೆಸರಿನ ಉಳಿತಾಯ ಅಲ್ಲಪ್ಪಾ, ಹಾಗಾಗಿ ಬಡ್ಡಿ ಇಲ್ಲ. ಆ ದುಡ್ಡು ಎಲ್ಲರದ್ದೂ ಸೇರುವ ದೊಡ್ಡ ಪೆನ್ಷನ್ ನಿಧಿಗೆ ಹೋಗುತ್ತದೆ. 1995ರ ನವೆಂಬರ್‌ನಲ್ಲಿ ಶುರುವಾದ ಯೋಜನೆ ಅದು. ಅಲ್ಲಿ ನಿನಗೆ ಸಿಗುವುದು ಆ ಕಾಲಂನ ಮೊತ್ತದ ಮೇಲೆ ನಿಂತಿಲ್ಲ, ಎಷ್ಟು ವರ್ಷ ಕಟ್ಟಿದೆ ಮತ್ತು ಕೊನೆಯ ಐದು ವರ್ಷ ಸರಾಸರಿ ಎಷ್ಟು ಸಂಬಳದ ಮೇಲೆ ಕಟ್ಟಿದೆ ಅನ್ನುವುದರ ಮೇಲೆ ನಿಂತಿದೆ. ಆ ಸಂಬಳವನ್ನು ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ.

ನಿನ್ನನ್ನೇ ತೆಗೆದುಕೊಳ್ಳೋಣ. 30 ವರ್ಷ ಕೆಲಸ ಮಾಡಿದೆ ಅನ್ನು. 20 ವರ್ಷ ದಾಟಿದವರಿಗೆ ಇನ್ನೆರಡು ವರ್ಷ ಸೇರಿಸಿ ಕೊಡುತ್ತಾರೆ, 32 ಆಯಿತು. ಸಂಬಳ ಇದೇ 13,000 ಇದ್ದರೆ 13,000ವನ್ನು 32ರಿಂದ ಗುಣಿಸಿ 70ರಿಂದ ಭಾಗಿಸು. 58 ವರ್ಷಕ್ಕೆ ತಿಂಗಳಿಗೆ 5,943. ನಿನ್ನ ಸಂಬಳ ಮುಂದೆ ಜಾಸ್ತಿ ಆಗುತ್ತದೆ, ಆಗಲಿ, ಆದರೆ ಪೆನ್ಷನ್‌ಗೆ ಸಂಬಳದ ಮಿತಿ 15,000. 2014ರ ಸೆಪ್ಟೆಂಬರ್‌ನಿಂದ ಅಷ್ಟೇ ಇದೆ. ಅದಕ್ಕೇ ದೊಡ್ಡ ಸಂಬಳದವರ ಪಾಸ್‌ಬುಕ್‌ನಲ್ಲೂ ಪೆನ್ಷನ್ ಕಾಲಂ 1,250ಕ್ಕೆ ನಿಂತಿರುತ್ತದೆ.

ಪೆನ್ಷನ್ ಹಕ್ಕು ಬರಲು ಹತ್ತು ವರ್ಷ ಬೇಕು. ಅದಕ್ಕೆ ಮುಂಚೆ ಕೆಲಸ ಬಿಟ್ಟು 10ಸಿ ಫಾರಂ ಹಾಕಿ ತೆಗೆದುಕೊಳ್ಳಬಹುದು, ಆದರೆ ಆಗಲೂ ಕಾಲಂನ ಮೊತ್ತ ಕೊಡುವುದಿಲ್ಲ, ಸಂಬಳ ಮತ್ತು ವರ್ಷ ನೋಡಿ ಒಂದು ಕೋಷ್ಟಕದ ಪ್ರಕಾರ ಕೊಡುತ್ತಾರೆ. ತೆಗೆದರೆ ಆ ವರ್ಷಗಳು ಅಳಿಸಿಹೋದವು. ಕೆಲಸ ಬದಲಾಯಿಸುವಾಗ ನನ್ನ ಮಾತು ಕೇಳಿದರೆ ತೆಗೆಯಬೇಡ, ಹೊಸ ಕಡೆಗೆ ವರ್ಗ ಮಾಡಿಸು. ಆಗ ಒಂದು ಗಾಬರಿ ಆಗಬಹುದು, ಈಗಲೇ ಹೇಳಿಬಿಡುತ್ತೇನೆ. ವರ್ಗ ಆದ ಮೇಲೆ ಹೊಸ ಪಾಸ್‌ಬುಕ್‌ಗೆ ನಿನ್ನ ಪಾಲು, ಕಂಪನಿ ಪಾಲು ಎರಡೂ ಬಂದಿರುತ್ತವೆ, ಪೆನ್ಷನ್ ಜಾಗದಲ್ಲಿ ಸೊನ್ನೆ ಇರುತ್ತದೆ. ಅಲ್ಲಿ ದುಡ್ಡು ವರ್ಗ ಆಗುವುದಿಲ್ಲ, ಸೇವೆಯ ವರ್ಷ ವರ್ಗ ಆಗುತ್ತದೆ.

ಬೀಡಿ ಮನೆಯ ಮಗಳು

ಇದನ್ನೆಲ್ಲ ಓದಿ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ. ನಮ್ಮಮ್ಮ ಬಂಟ್ವಾಳದ ಹತ್ತಿರ ಬೀಡಿ ಕಟ್ಟುತ್ತಾರೆ, ನಾನು ಹುಟ್ಟುವುದಕ್ಕಿಂತ ಮುಂಚಿನಿಂದ. ಅವರ ಪಾಸ್‌ಬುಕ್ ಈಗಷ್ಟೇ ತೆಗೆದು ನೋಡಿದೆ. ಒಂದು ತಿಂಗಳು ಕೂಲಿ 6,000 ಅಂತ ಇದೆ, ಅಮ್ಮನ ಪಾಲು 600, ಕಂಪನಿ ಪಾಲು 100, ಪೆನ್ಷನ್ 500. 12 ಪರ್ಸೆಂಟ್ ಅಂದರೆ 720 ಅಲ್ವಾ ಇರಬೇಕಾದದ್ದು? ಇಷ್ಟು ವರ್ಷ ಎರಡು ಪರ್ಸೆಂಟ್ ಕಡಿಮೆ ಕಟ್ಟಿದ್ದಾರಾ? ಅಮ್ಮನ ಬೆರಳು ನೋಡಿದರೆ ನನಗೆ ಸಿಟ್ಟು ಬರುತ್ತದೆ, ತಂಬಾಕಿನ ಕಪ್ಪು ಉಗುರಿನ ಸಂದಿಯಿಂದ ಹೋಗುವುದೇ ಇಲ್ಲ.

ಲೆಕ್ಕದ ಶಾಂತಕ್ಕ

ಮಗಳೇ, ಅಮ್ಮನಿಗೆ ಅದರಲ್ಲಿ ಮೋಸ ಆಗಿಲ್ಲ. ಬೀಡಿ, ಇಟ್ಟಿಗೆ, ಸೆಣಬು, ನಾರು ಇಂಥ ಕೆಲವು ಉದ್ಯಮಗಳಿಗೆ ಪಿಎಫ್ ದರವೇ 10 ಪರ್ಸೆಂಟ್. ಪೆನ್ಷನ್‌ಗೆ ಮಾತ್ರ ಅಲ್ಲೂ ಅದೇ 8.33 ಹೋಗುತ್ತದೆ. 600ರಲ್ಲಿ 500 ಹೋದರೆ 100. ನೀನು ನೋಡಬೇಕಾದದ್ದು ಬೇರೆ. ಕೂಲಿ ಅಂತ ಬರೆದಿರುವ 6,000 ಸರಿಯಾ? ಅಮ್ಮ ಆ ತಿಂಗಳು ಎಷ್ಟು ಸಾವಿರ ಬೀಡಿ ಕಟ್ಟಿದರು, ಕಾರ್ಡಿನಲ್ಲಿ ಎಷ್ಟು ಬರೆದಿದ್ದಾರೆ, ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡು. ದರ ಸರಿ ಇದ್ದು ಕೂಲಿಯನ್ನೇ ಕಡಿಮೆ ಬರೆದರೆ ಪಾಸ್‌ಬುಕ್ ನೋಡಿ ಗೊತ್ತಾಗುವುದಿಲ್ಲ.

ಬೀಡಿ ಮನೆಯ ಮಗಳು

ಕಾರ್ಡ್ ಅಮ್ಮನ ಹತ್ತಿರ ಇದೆ. ಎಲ್ಲಾ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಅಕ್ಕಿ ಡಬ್ಬಿ ಮೇಲೆ ಇಟ್ಟಿದ್ದಾರೆ. ಈ ವಾರ ಊರಿಗೆ ಹೋದಾಗ ನೋಡುತ್ತೇನೆ.

ಹಾಸನದ ಹುಡುಗ

ಶಾಂತಕ್ಕಾ, ಮತ್ತೆ ಬಂದೆ. ನೀವು ಸಾಲು ಎಣಿಸು ಅಂದಿರಲ್ಲ, 2024-25ರಲ್ಲಿ ಹನ್ನೊಂದು ಸರಿ ಇದೆ. ಅದೇ ಹುಮ್ಮಸ್ಸಿನಲ್ಲಿ 2025-26 ತೆಗೆದೆ. ಜುಲೈ ಸಂಬಳದ್ದೂ ಬಂದಿದೆ. ಮಾರ್ಚ್, ಏಪ್ರಿಲ್, ಜೂನ್, ಜುಲೈ. ಮೇ ತಿಂಗಳ ಸಂಬಳದ ಸಾಲೇ ಇಲ್ಲ! `Cont. For Due-Month 062025` ಅಂತ ಎಲ್ಲೂ ಕಾಣಲಿಲ್ಲ. ಮೇ ತಿಂಗಳ ಸಂಬಳದ ಚೀಟಿಯಲ್ಲಿ ಪಿಎಫ್ 1,560 ಹಿಡಿದಿದ್ದಾರೆ, ಚೀಟಿ ನನ್ನ ಹತ್ತಿರ ಇದೆ. ನಾನು ಒಟ್ಟು ಮೊತ್ತ ಮಾತ್ರ ನೋಡುತ್ತಿದ್ದೆ, ಅದು ಏರುತ್ತಲೇ ಇತ್ತು, ಹಾಗಾಗಿ ಗೊತ್ತೇ ಆಗಲಿಲ್ಲ.

ಬಯಲುಸೀಮೆ

ನೋಡಿದ್ರಾ! ನಾನು ಮೊದಲೇ ಹೇಳಿದೆ, ಏನೋ ಇದೆ ಅಂತ. ನೇರ ಪಿಎಫ್ ಆಫೀಸಿಗೆ ದೂರು ಕೊಡು.

ಲೆಕ್ಕದ ಶಾಂತಕ್ಕ

ಇದು ನಿಜವಾದ ವಿಷಯ. ದೂರು ಕೊಡುವ ಮುಂಚೆ ಎರಡು ಕಡೆ ನೋಡಿಬಿಡು, ಹತ್ತು ನಿಮಿಷದ ಕೆಲಸ.

ಪಾಸ್‌ಬುಕ್ ತೆರೆಯುವಾಗ ನಿನ್ನ ಯುಎಎನ್ ಕೆಳಗೆ ಮೆಂಬರ್ ಐಡಿ ಒಂದೇ ಇದೆಯಾ, ಎರಡು ಇದೆಯಾ ನೋಡು. ಕೆಲವು ಕಡೆ ಮಾಲೀಕರು ಒಂದೆರಡು ತಿಂಗಳಿಗೆ ಹುಡುಗರನ್ನು ಗುತ್ತಿಗೆದಾರರ ಹೆಸರಿಗೆ ಹಾಕಿರುತ್ತಾರೆ, ಆಗ ಆ ತಿಂಗಳ ದುಡ್ಡು ಬೇರೆ ಐಡಿಯಲ್ಲಿ ಕೂತಿರುತ್ತದೆ. ಹಾಗಾಗಿದ್ದರೆ ದುಡ್ಡು ಕಳೆದಿಲ್ಲ, ಒಂದುಗೂಡಿಸಬೇಕು ಅಷ್ಟೇ.

ಒಂದೇ ಐಡಿ ಇದ್ದರೆ ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ ಸಂಸ್ಥೆಯನ್ನು ಹುಡುಕುವ ಪುಟ ಇದೆ, `Establishment Search` ಅಂತ. ಲಾಗಿನ್ ಬೇಕಿಲ್ಲ, ಯಾರು ಬೇಕಾದರೂ ನೋಡಬಹುದು. ನಿನ್ನ ಕಂಪನಿ ಹೆಸರು ಹಾಕಿ, ಹಣ ಕಟ್ಟಿದ ವಿವರ ತೆಗೆ. ಯಾವ ತಿಂಗಳಿಗೆ, ಯಾವ ತಾರೀಖು, ಎಷ್ಟು ದುಡ್ಡು, ಎಷ್ಟು ಜನಕ್ಕೆ ಕಟ್ಟಿದ್ದಾರೆ ಅಂತ ಅಲ್ಲಿ ಬರುತ್ತದೆ. ಮೇ ತಿಂಗಳು ಇಡೀ ಇಲ್ಲದಿದ್ದರೆ ಕಂಪನಿ ಯಾರಿಗೂ ಕಟ್ಟಿಲ್ಲ. ತಿಂಗಳು ಇದ್ದು ಜನರ ಸಂಖ್ಯೆ ಕಡಿಮೆ ಇದ್ದರೆ ಕೆಲವರನ್ನು ಬಿಟ್ಟಿದ್ದಾರೆ. ಆ ಜನರ ಸಂಖ್ಯೆಯ ಕಾಲಂ ಮೇಲೆ ಕಣ್ಣಿಡು.

ಹಾಸನದ ಹುಡುಗ

ಒಂದೇ ಐಡಿ ಇದೆ. ಇನ್ನೊಂದನ್ನೂ ನೋಡಿದೆ. ಏಪ್ರಿಲ್‌ಗೆ 48 ಜನ, ಮೇಗೆ 41, ಜೂನ್‌ಗೆ ಮತ್ತೆ 48. ಊಟದ ಹೊತ್ತಿನಲ್ಲಿ ಕೇಳುತ್ತಾ ಹೋದೆ, ನನ್ನ ಜೊತೆ ಇನ್ನಾರು ಜನರ ಪಾಸ್‌ಬುಕ್‌ನಲ್ಲೂ ಮೇ ಇಲ್ಲ. ಏಳೂ ಜನ 2024ರ ಏಪ್ರಿಲ್ ಮತ್ತು ಅದರ ನಂತರ ಸೇರಿದವರು.

ಲೆಕ್ಕದ ಶಾಂತಕ್ಕ

ಹಾಗಾದರೆ ಬೇಕು ಅಂತ ಮಾಡಿದ್ದಲ್ಲ ಅನ್ನಿಸುತ್ತದೆ. ಹಳೇ ಪಟ್ಟಿ ಹಿಡಿದು ಅಪ್‌ಲೋಡ್ ಮಾಡಿರಬೇಕು, ನೀವು ಏಳು ಜನ ಆ ಪಟ್ಟಿಯಲ್ಲಿ ಇಲ್ಲ. ನಾನು ಇಂಥದ್ದನ್ನು ಕಣ್ಣಾರೆ ನೋಡಿದ್ದೇನೆ. ಏಳು ಜನ ಒಟ್ಟಿಗೆ ಹೋಗಿ. ಮೇ ತಿಂಗಳ ಸಂಬಳದ ಚೀಟಿ, ಪಾಸ್‌ಬುಕ್‌ನ ಪ್ರತಿ, 48-41-48 ಇರುವ ಪುಟ, ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಿಟ್ಟುಹೋದವರಿಗೆ ಸಪ್ಲಿಮೆಂಟರಿ ಇಸಿಆರ್, ಅಂದರೆ ಇನ್ನೊಂದು ಪಟ್ಟಿ, ಹಾಕಿ ಅಂತ ಕೇಳಿ, ಆ ಮಾತು ಅವರಿಗೆ ಗೊತ್ತಾಗುತ್ತದೆ. ಬಾಯಿ ಮಾತಿನ ಜೊತೆ ಒಂದು ಮೇಲ್ ಕೂಡ ಹಾಕಿ, ತಾರೀಖು ಇರಲಿ. ಎರಡು ವಾರ ನೋಡಿ. ಆಗದಿದ್ದರೆ `epfigms.gov.in`ನಲ್ಲಿ ದೂರು ಹಾಕಿ, ಅದೇ ಮೂರು ಕಾಗದ ಲಗತ್ತಿಸಿ. ಸಂಬಳದಿಂದ ಹಿಡಿದು ಕಟ್ಟದೇ ಇರುವುದು ಸಣ್ಣ ತಪ್ಪಲ್ಲ, ಅದು ಅವರಿಗೂ ಗೊತ್ತು.

ಕೋಡಿಂಗ್ ಕೂಸು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಬೇರೆ ಥರ. ನನ್ನ ಮೊದಲ ಕೆಲಸ 2019ರಲ್ಲಿ, ಬೇಸಿಕ್ 22,000. ಕಂಪನಿ ಕಾಲಂ 1,390, ಪೆನ್ಷನ್ 1,250. ಕೂಡಿದರೆ 2,640, ಅಂದರೆ 12 ಪರ್ಸೆಂಟ್ ಸರಿ ಇದೆ. ಆದರೂ ಪೆನ್ಷನ್ ದುಡ್ಡು ತೆಗೆಯಲು ಅರ್ಜಿ ಹಾಕಿದರೆ ನೀವು ಸದಸ್ಯರೇ ಅಲ್ಲ ಅಂತ ತಿರಸ್ಕರಿಸಿದರು. ಪ್ರತಿ ತಿಂಗಳೂ 1,250 ತೆಗೆದುಕೊಂಡು ಈಗ ಸದಸ್ಯಳಲ್ಲ ಅಂದರೆ ಹೇಗೆ?

ಲೆಕ್ಕದ ಶಾಂತಕ್ಕ

2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಬೇಸಿಕ್ 15,000ಕ್ಕಿಂತ ಜಾಸ್ತಿ ಇದ್ದರೆ ಪೆನ್ಷನ್ ಯೋಜನೆಗೆ ಸೇರಿಸುವಂತಿಲ್ಲ. ನಿನ್ನ ಪೆನ್ಷನ್ ಕಾಲಂ ಮೊದಲ ತಿಂಗಳಿಂದಲೇ ಸೊನ್ನೆ ಇರಬೇಕಿತ್ತು, ಪೂರ್ತಿ 2,640 ಕಂಪನಿ ಪಾಲಿಗೆ ಬರಬೇಕಿತ್ತು. ನಿನ್ನ ಕಂಪನಿಯವರು ಎಲ್ಲರ ಹಾಗೆ ನಿನ್ನನ್ನೂ ಹಾಕಿಬಿಟ್ಟಿದ್ದಾರೆ. ಅದನ್ನು ಪೆನ್ಷನ್ ಖಾತೆಯಿಂದ ಪಿಎಫ್ ಖಾತೆಗೆ ತಿರುಗಿಸಿ ಅಂತ ಕಂಪನಿಯೇ ಪಿಎಫ್ ಆಫೀಸಿಗೆ ಬರೆಯಬೇಕು.

ಕೋಡಿಂಗ್ ಕೂಸು

ಆ ಕಂಪನಿ ಮುಚ್ಚಿ ಎರಡು ವರ್ಷ ಆಯಿತು ಅಕ್ಕಾ. ಈಗ ಬರೆಯುವವರು ಯಾರು?

ಲೆಕ್ಕದ ಶಾಂತಕ್ಕ

ಕಷ್ಟ ಇದೆ. ಸೇರಿದಾಗಿನ ಆಫರ್ ಲೆಟರ್, ಮೊದಲ ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಪಿಎಫ್ ಆಫೀಸಿಗೆ ನೀನೇ ಹೋಗು. ಮುಚ್ಚಿದ ಕಂಪನಿಯವರದ್ದು ಒಂದನ್ನೂ ನಾನು ಮಾಡಿಸಿಲ್ಲ, ಬೇರೆ ಯಾರಾದರೂ ಮಾಡಿಸಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ, ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಏಳು ಜನ ಒಟ್ಟಿಗೆ ಹೋದೆವು. ಮೊದಲು ಆ 48-41-48 ಪುಟ ತೋರಿಸಿದೆ. ಆಫೀಸಿನ ಮೇಡಂ ಸುಮಾರು ಹೊತ್ತು ನೋಡಿ ಫೋನ್ ತೆಗೆದುಕೊಂಡರು. ಪಿಎಫ್ ಕಟ್ಟುವ ಹೊರಗಿನ ಕನ್ಸಲ್ಟೆಂಟ್ ಮೇ ತಿಂಗಳಲ್ಲಿ ಬದಲಾಗಿದ್ದರಂತೆ, ಹೊಸಬರು 2024ರ ಮಾರ್ಚ್‌ನ ಫೈಲ್ ಹಿಡಿದು ತಿದ್ದಿದ್ದರಂತೆ. ಅಕ್ಕಾ, ನೀವು ಹೇಳಿದ ಹಾಗೇ ಆಯಿತು. ಮೇಡಂ ಬೈಯಲಿಲ್ಲ, ಮೇಲ್‌ಗೂ ಉತ್ತರ ಕೊಟ್ಟರು.

ಈ ವಾರ ನನ್ನ ಪಾಸ್‌ಬುಕ್‌ನಲ್ಲಿ ಮೇ ತಿಂಗಳ ಸಾಲು ಬಂದಿದೆ. 1,560, 477, 1,083. ಆದರೆ ಕಟ್ಟಿದ ತಾರೀಖು ಸೆಪ್ಟೆಂಬರ್ ಅಂತ ಇದೆ. ನೀವು ಹೇಳಿಕೊಟ್ಟ ಲೆಕ್ಕದಲ್ಲಿ ನೋಡಿದರೆ, ಜೂನ್‌ನಲ್ಲಿ ಬಿದ್ದಿದ್ದರೆ ಜುಲೈನಿಂದ ಬಡ್ಡಿ, ಈಗ ಅಕ್ಟೋಬರ್‌ನಿಂದ. ಮೂರು ತಿಂಗಳು ಹೋಯಿತು. 2,037ಕ್ಕೆ ಮೂರು ತಿಂಗಳ ಬಡ್ಡಿ 42 ರೂಪಾಯಿ. ಅದನ್ನು ಕಂಪನಿ ಕೊಡಬೇಕಾ, ಪಿಎಫ್‌ನವರೇ ಹಾಕುತ್ತಾರಾ?

ಬಯಲುಸೀಮೆ

ತಡ ಮಾಡಿದ್ದಕ್ಕೆ ಕಂಪನಿಯಿಂದ 12 ಪರ್ಸೆಂಟ್ ಬಡ್ಡಿ ವಸೂಲಿ ಮಾಡುತ್ತಾರೆ, 7ಕ್ಯೂ ಅಂತ ಒಂದು ಕಲಂ ಇದೆ, ಈ ಸಲ ಓದಿಯೇ ಹೇಳುತ್ತಿದ್ದೇನೆ. ದಂಡ ಬೇರೆ ಇದೆ. ಅಂದಮೇಲೆ ಹುಡುಗನಿಗೆ 42 ರೂಪಾಯಿ ಬರಲೇಬೇಕು.

ಲೆಕ್ಕದ ಶಾಂತಕ್ಕ

7ಕ್ಯೂ ಸರಿ, 12 ಪರ್ಸೆಂಟೂ ಸರಿ. ಆದರೆ ಅದು ಕಂಪನಿ ಮತ್ತು ಪಿಎಫ್ ಇಲಾಖೆಯ ನಡುವಿನ ಲೆಕ್ಕ. ಅದು ನೇರವಾಗಿ ಸದಸ್ಯನ ಪಾಸ್‌ಬುಕ್‌ನಲ್ಲಿ ಒಂದು ಸಾಲಾಗಿ ಬಂದದ್ದನ್ನು ನಾನು ನೋಡಿಲ್ಲ. ಮುಂದಿನ ವರ್ಷ ಬಡ್ಡಿಯ ಸಾಲು ಬಂದಾಗ ನೀನೇ ತಿಂಗಳು ಎಣಿಸಿ ಹಾಕಿ ನೋಡು. 42 ಕಡಿಮೆ ಇದ್ದರೆ ಆಗ ದೂರು ಹಾಕು, ಲೆಕ್ಕದ ಹಾಳೆ ಸಮೇತ.

ಬೀಡಿ ಮನೆಯ ಮಗಳು

ನಾನೂ ಹೇಳಬೇಕಿತ್ತು. ಅಮ್ಮನ ಕಾರ್ಡ್ ತಂದು ಪಾಸ್‌ಬುಕ್ ಪಕ್ಕ ಇಟ್ಟೆ. ಎರಡು ವರ್ಷದ್ದು ನೋಡಿದೆ, ಇಪ್ಪತ್ತೆರಡು ತಿಂಗಳು ಸರಿ ಇದೆ, ಎರಡು ತಿಂಗಳು ಕಾರ್ಡಿನಲ್ಲಿ ಜಾಸ್ತಿ, ಪಾಸ್‌ಬುಕ್‌ನಲ್ಲಿ ಕಡಿಮೆ ಇದೆ. ಅಮ್ಮ "ಬಿಡು, ಅವರಿಗೂ ಕಷ್ಟ" ಅಂದರು. ನಾನು ಬಿಡುವುದಿಲ್ಲ, ಸೋಮವಾರ ಹೋಗುತ್ತಿದ್ದೇನೆ.

ಹಾಸನದ ಹುಡುಗ

ಹೋಗಿ ಅಕ್ಕಾ, ಕಾರ್ಡಿನ ಜೆರಾಕ್ಸ್ ಮಾಡಿಸಿ ಜೆರಾಕ್ಸನ್ನೇ ಕೊಡಿ, ಮೂಲ ಕೊಡಬೇಡಿ. ನಮ್ಮ ಏಳು ಜನರಲ್ಲಿ ನಾಲ್ವರ ಸಾಲು ಬಂದಿದೆ, ಇನ್ನೂ ಮೂವರದ್ದು ಬಂದಿಲ್ಲ. ನಾಳೆ ಭಾನುವಾರ, ರೂಮಿನಲ್ಲಿ ಕೂತು ಆ ಮೂವರ ಪಾಸ್‌ಬುಕ್ ಸೇರಿದ ತಿಂಗಳಿಂದ ಸಾಲು ಸಾಲಾಗಿ ನೋಡುತ್ತೇವೆ.